ಮೂವತ್ತೊಂದನೇ ಫೋಟೋ

ಕೊಪ್ಪ ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ಕಾಂತೇಶಣ್ಣನ ಕಂಪ್ಯೂಟರ್ ಸೆಂಟರ್. ೨೦೦೭ರಲ್ಲಿ ಅಲ್ಲಿ ಟೈಪ್ ಮಾಡುವವರು ಇಬ್ಬರೇ: ಶೃಂಗೇರಿ ಹತ್ತಿರದ ಬೇಗಾರಿನ ತ್ರಿಪುರಸುಂದರಿ ಅಕ್ಕ ಮತ್ತು ನರಸಿಂಹರಾಜಪುರದ ನಾನು, ಸುಮನಾ. ಹೊಸ ಕೆಲಸ ಸಿಗದಿದ್ದರೆ ಒಬ್ಬರು ಮನೆಗೆ ಎಂದು ಕಾಂತೇಶಣ್ಣ ಹೇಳಿಬಿಟ್ಟಿದ್ದ. ಕೊನೆಗೆ ಸೇರಿದವಳು ನಾನು. ಆ ಒಬ್ಬರು ಯಾರೆಂದು ಬೇರೆ ಕೇಳಬೇಕೇ?

ಅಷ್ಟರಲ್ಲಿ ಒಂದು ಕಂಪನಿಯಿಂದ, ಕೆಲಸ ಕೊಡುವ ಮೊದಲಿನ ಪರೀಕ್ಷೆಗೆಂದು ಸಿ.ಡಿ. ಬಂತು. ಅದರಲ್ಲಿ ಗೋಡೆ ಚಾರ್ಟುಗಳ ನಲವತ್ತು ಫೋಟೋ. ಶೀರ್ಷಿಕೆ, ಅಡ್ಡಗೆರೆ ಮತ್ತು ಉದ್ದಗೆರೆಯ ಹೆಸರು, ಯಾವ ಬಣ್ಣ ಯಾವ ವರ್ಷಕ್ಕೆಂಬ ಸೂಚಿ, ಕಂಬಗಳ ಮೇಲಿನ ಅಂಕಿ, ಇಷ್ಟನ್ನೂ ಇದ್ದ ಹಾಗೆ ಟೈಪ್ ಮಾಡಬೇಕು. ಅಂಕಿ ಬರೆದಿಲ್ಲದಿದ್ದರೆ ಖಾಲಿ ಬಿಡಬೇಕು, ಕಂಬದ ಎತ್ತರ ನೋಡಿ ಅಂದಾಜು ಹಾಕುವಂತಿಲ್ಲ. ನಾವಿಬ್ಬರೂ ಬೇರೆ ಬೇರೆಯಾಗಿ ಟೈಪ್ ಮಾಡಿದ ಮೇಲೆ ಎರಡು ಫೈಲನ್ನೂ ಹೋಲಿಸುವುದು. ವ್ಯತ್ಯಾಸ ಕಂಡಲ್ಲಿ ಫೋಟೋ ನೋಡಿ ತಿದ್ದುವುದು.

ಮೂವತ್ತೊಂದನೇ ಫೋಟೋ ವರ್ಷದ ಮಳೆಯದ್ದು, ಮಿಲಿಮೀಟರಿನಲ್ಲಿ. ಶೃಂಗೇರಿಯ ಕಂಬದ ಮೇಲೆ ೧೪೨೦, ನಮ್ಮೂರಿನ ಮೇಲೆ ೩೮೬೦! ನಮ್ಮೂರಿಗೆ ಅಷ್ಟು ಮಳೆ ಸುರಿದರೆ ಭದ್ರಾ ಹಿನ್ನೀರು ಅಡುಗೆಮನೆಗೇ ಬಂದೀತು. ನನಗೆ ಸಿಟ್ಟೇ ಬಂತು. ಅಂಕಿ ಅದಲುಬದಲು ಮಾಡಿ ಮುಂದೆ ಹೋದೆ.

ಮರುದಿನ ಕಾಂತೇಶಣ್ಣ ಹೋಲಿಸಿ ನೋಡಿದ. ಒಂಬತ್ತೇ ವ್ಯತ್ಯಾಸ! ಅವನ್ನೂ ತಿದ್ದಿ, ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದ. "ಗೆದ್ವಿ ಮಾರಾಯ್ತಿ!"

ವ್ಯತ್ಯಾಸಗಳ ಪಟ್ಟಿಯಲ್ಲಿ ಮೂವತ್ತೊಂದು ಇರಲೇ ಇಲ್ಲ. ನಾನು ಬದಲಿಸಿದ್ದು ವ್ಯತ್ಯಾಸವಾಗಿ ಬರಬೇಕಿತ್ತಲ್ಲ! ಮೆಲ್ಲಗೆ ಅಕ್ಕನ ಕಡೆ ನೋಡಿದೆ. ಅಕ್ಕ ಛಾವಣಿ ನೋಡುತ್ತಿದ್ದಳು.

"ಅಕ್ಕಾ, ನೀನೂ..."

"ಎಂತ ಮಾಡೂದು ಕೂಸೇ? ಶೃಂಗೇರಿ ಮಳೆಯನ್ನ ನಿಮ್ಮೂರಿಗೆ ಬಿಟ್ಟುಕೊಡ್ಲಿಕ್ಕೆ ಆಗ್ತದಾ?"

ನಕ್ಕೂ ನಕ್ಕೂ ನನಗೆ ಹೊಟ್ಟೆ ಹಿಡಿದುಕೊಂಡಿತು. ಕಾಂತೇಶಣ್ಣ ಮಾತ್ರ ನಗಲಿಲ್ಲ. "ಇಬ್ಬರದ್ದೂ ಒಂದೇ ಇದೆ, ಮಳೆನೂ ಸರಿಯಾಗಿದೆ. ಹಾಗೇ ಕಳಿಸೋಣ," ಎಂದ.

ಈ ಕೆಲಸ ತಪ್ಪಿದರೆ ಮನೆಗೆ ಹೋಗುವವಳು ನಾನು, ಆದರೂ ಬಾಯಿ ಸುಮ್ಮನಿರಲಿಲ್ಲ. "ಬೇಡ ಕಾಂತೇಶಣ್ಣ. ಮಳೆ ಎಷ್ಟು ಅಂತ ಅವರು ನಮ್ಮನ್ನ ಕೇಳಿಲ್ಲ. ಚಾರ್ಟಲ್ಲಿ ಎಂತ ಬರೆದಿದೆ ಅಂತ ಕೇಳಿದ್ದು."

ನಲವತ್ತನ್ನೂ ಮತ್ತೆ ಫೋಟೋ ಜೊತೆ ಇಟ್ಟು ಓದಿದೆವು. ೧೪೨೦ ಎಂದು ಶೃಂಗೇರಿಯ ಮುಂದೆ ಒತ್ತುವಾಗ ಅಕ್ಕ ಕಣ್ಣು ಮುಚ್ಚಿಕೊಂಡಳು. ಫೈಲ್ ಹೋಯಿತು.

ನಾಲ್ಕನೇ ದಿನ ಫೋನ್. ಕಾಂತೇಶಣ್ಣ ಸ್ಪೀಕರ್ ಹಾಕಿದ. ಆ ಕಡೆಯ ಹೆಂಗಸು, "ನಿಮ್ಮ ಕಡೆಯ ಐದು ಸೆಂಟರಿಗೆ ಇದೇ ಸಿ.ಡಿ. ಕಳಿಸಿದ್ವಿ. ಮಳೆ ಚಾರ್ಟನ್ನು ಇದ್ದ ಹಾಗೆ ಬರೆದವರು ನೀವೊಬ್ಬರೇ. ಆರು ಸಾವಿರ ಫೋಟೋ ಇದೆ, ಇಬ್ಬರು ಸಾಕಾಗ್ತಾರಾ?" ಎಂದರು.

"ಇಬ್ಬರೂ ಇರ್ತಾರೆ ಮೇಡಂ," ಎಂದ ಕಾಂತೇಶಣ್ಣ. ಅಕ್ಕ ನನ್ನ ಜಡೆ ಹಿಡಿದು ಎಳೆದಳು. ನಾನು ಅತ್ತುಬಿಟ್ಟೆ.