ತಿರುವು ಎರಡನೇ ಸಾಲಿನಲ್ಲಿ

ಸಿದ್ದಲಿಂಗನದು ಅಫಜಲಪುರ ಬಸ್ ನಿಲ್ದಾಣದ ಎದುರು ಮೊಬೈಲ್ ಅಂಗಡಿ. ಜತೆಗೆ ಕಲಬುರಗಿಯ ಒಂದು ದಿನಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕಳಿಸುವ ಕೆಲಸ. ಮೊದಮೊದಲು ಅವನು ಕ್ರಿಕೆಟ್ ಸುದ್ದಿಯನ್ನೂ ಮದುವೆಯ ಆಮಂತ್ರಣದಂತೆ ಬರೆಯುತ್ತಿದ್ದ. ದೀಪ ಹಚ್ಚಿದವರು, ಹಾರ ಹಾಕಿಸಿಕೊಂಡವರು, ಆಮೇಲೆ ಟಾಸ್, ಆಮೇಲೆ ಆಟ. ಒಮ್ಮೆ ಜಾಗ ಸಾಲದೆ ಕಚೇರಿಯವರು ಬಾಲ ಕತ್ತರಿಸಿದಾಗ ಗೆದ್ದವರ ಹೆಸರೇ ಹಾರಿಹೋಯಿತು. ಗೆದ್ದಿದ್ದ ಜೇವರ್ಗಿಯ ಹುಡುಗರು ಅಂಗಡಿಗೇ ಬಂದು ಅವನ ಗ್ರಹಚಾರ ಬಿಡಿಸಿದರು.

ಪುಟ ನೋಡಿಕೊಳ್ಳುವ ಉಪಸಂಪಾದಕಿ ಮಹಾನಂದಾ ಅಂದೇ ಫೋನಿನಲ್ಲಿ ಪಾಠ ಹೇಳಿದ್ದಳು: "ಮೊದಲ್ನೇ ಸಾಲಿನ್ಯಾಗ ಯಾರು ಗೆದ್ರು, ಎಷ್ಟರಿಂದ. ಎರಡನೇದರಾಗ ಆಟ ಎಲ್ಲಿ ತಿರುಗ್ತು, ಯಾರಿಂದ. ಹಾರ-ತುರಾಯಿ ಕಟ್ಟಕಡೀಗೆ. ನಾವು ಕತ್ತರಿ ಹಾಕೂದು ಕೆಳಗಿಂದ್ರಿ."

ಚೌಡಾಪುರದಲ್ಲಿ ನಡೆದ ಖಜೂರಿ-ಅತನೂರು ಕ್ರಿಕೆಟ್ ಫೈನಲ್ಲಿಗೆ ಅಂಪೈರ್ ಬರಲಿಲ್ಲ. ಸಿದ್ದಲಿಂಗ ವರದಿಗಾರ, ಎರಡೂ ಊರಿಗೆ ಬೇಕಾದವನು ಎಂದು ಸಂಘಟಕರು ಅವನನ್ನೇ ಎಳೆದು ನಿಲ್ಲಿಸಿದರು. ನಮ್ಮ ಕಡೆ ಇದೇನೂ ಹೊಸದಲ್ಲ. ಆಟ ಬರೆಯುವವನೇ ಒಮ್ಮೊಮ್ಮೆ ಆಟ ನಡೆಸುವವನೂ ಆಗುತ್ತಾನೆ, ಯಾರೂ ಹುಬ್ಬೇರಿಸುವುದಿಲ್ಲ.

ಖಜೂರಿ ತಂಡ ಹನ್ನೆರಡು ಓವರಿಗೆ ತೊಂಬತ್ತಾರು ಹೊಡೆಯಿತು. ಅತನೂರಿಗೆ ಹತ್ತು ಎಸೆತಗಳಲ್ಲಿ ಹದಿಮೂರು ಬೇಕಾಗಿದ್ದಾಗ ನಾಯಕ ದೇವಾನಂದ ಚೆನ್ನಾಗಿ ಆಡುತ್ತಿದ್ದ. ಊರ ಹೊರಗಿನ ಅವನ ಓಣಿಯಿಂದ ಊರ ತಂಡಕ್ಕೆ ನಾಯಕನಾದ ಮೊದಲ ಹುಡುಗ ಅವನು. ಅದು ಕೆಲವರಿಗೆ ಮೊದಲಿನಿಂದಲೂ ಗಂಟಲಲ್ಲಿ ಇಳಿದಿರಲಿಲ್ಲ. ಅವನು ಬೀಸಿದ, ಟಕ್ ಎಂದಿತು, ಚೆಂಡು ಕೀಪರ್ ಬುರಾನುದ್ದೀನನ ಕೈ ಸೇರಿತು. ಖಜೂರಿಯವರೆಲ್ಲ ಕೂಗಿದರು. ಸಿದ್ದಲಿಂಗ ಬೆರಳೆತ್ತಿದ. ದೇವಾನಂದ ಒಂದು ಕ್ಷಣ ಬ್ಯಾಟನ್ನೇ ನೋಡಿ ತಲೆ ತಗ್ಗಿಸಿ ನಡೆದ. ಅತನೂರು ನಾಲ್ಕು ರನ್ನಿನಿಂದ ಸೋತಿತು.

ಸಂಜೆ ಚಹಾದಂಗಡಿಯಲ್ಲಿ ಬುರಾನುದ್ದೀನ ನಗುತ್ತ ಅಂದ, "ಬ್ಯಾಟು ನೆಲಕ್ಕ ಬಡದಿತ್ರಿ ಸರ್. ಚೆಂಡಿಗೆ ತಾಕೇ ಇರ್ಲಿಲ್ಲ. ನಾ ಸುಮ್ನ ಒದರಿದೆ, ನೀವು ಕೊಟ್ಟೇಬಿಟ್ರಿ."

ಸಿದ್ದಲಿಂಗನಿಗೆ ಚಹಾ ಕಹಿಯಾಯಿತು. ತನ್ನ ಅಂಗಡಿಗೆ ಬಂದು ಮೊಬೈಲಿನಲ್ಲಿ ಬರೆಯಲು ಕೂತ. ಮೊದಲ ಸಾಲು ಸಲೀಸಾಗಿ ಬಂತು: ಖಜೂರಿಗೆ ನಾಲ್ಕು ರನ್ ಗೆಲುವು. ಎರಡನೆಯ ಸಾಲಿಗೆ ಬೆರಳು ತಡವರಿಸಿತು. ಆಟ ತಿರುಗಿದ್ದು ತನ್ನ ತಪ್ಪು ತೀರ್ಪಿನಿಂದ. ಹಾಗೆಂದು ಬರೆದರೆ ನಾಳೆಯಿಂದ ಯಾವ ಊರಲ್ಲಿ ಮುಖ ತೋರಿಸುವುದು? "ದೇವಾನಂದ ದುಡುಕಿನ ಹೊಡೆತಕ್ಕೆ ವಿಕೆಟ್ ಒಪ್ಪಿಸಿದ್ದು ಪಂದ್ಯದ ತಿರುವಾಯಿತು" ಎಂದು ಬರೆದ. ನಂತರ ಸ್ಕೋರು, ನಂತರ ಅತಿಥಿಗಳು. ಅತಿಥಿಗಳ ಕೆಳಗೆ, ಎಲ್ಲಕ್ಕಿಂತ ಕೊನೆಗೆ, ತೀರ್ಪು ತಪ್ಪಾಗಿತ್ತೆಂದು ಕೀಪರ್ ಹೇಳಿದನೆಂಬ ಒಂದು ಸಾಲು ಸೇರಿಸಿದ. ಸತ್ಯ ಬರೆದೆನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಕತ್ತರಿ ಎಲ್ಲಿಂದ ಬರುತ್ತದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಕಳ್ಳ ಮನಸ್ಸು!

ಆದರೆ ಮಹಾನಂದಾ ಕತ್ತರಿಸುವ ಮೊದಲು ಓದುವ ಹೆಣ್ಣು. ಫೋನು ಬಂತು.

"ಸಿದ್ದಲಿಂಗಣ್ಣ, ಕಡೀ ಸಾಲಿನ್ಯಾಗ ತೀರ್ಪು ತಪ್ಪು ಅಂತ ಅದ. ಇದು ಖರೆ ಇದ್ರ ಎರಡನೇ ಸಾಲಿಗೆ ಬರ್ಬೇಕಲ್ರಿ. ಆ ಹುಡುಗನ ದುಡುಕು ಅನ್ನೂದು ಸುಳ್ಳಾಗ್ತದ. ಅಂಪೈರ್ ಯಾರಿದ್ರು?"

"ಯಾರೋ ಊರವ್ರು ನಿಂತಿದ್ರು ಬಿಡ್ರಿ," ಅಂದ. "ಚಹಾದಂಗಡಿ ಮಾತದು. ತೆಗದುಬಿಡ್ರಿ."

ಅವಳು ತೆಗೆದಳು. ಅವನು ಆ ರಾತ್ರಿ ಊಟ ಬಿಟ್ಟ. ಹೆಂಡತಿ ಭುವನೇಶ್ವರಿ ಕೇಳಿದ್ದಕ್ಕೆ ಬಿಸಿಲಿನ ಮೇಲೆ ಹಾಕಿದ.

ಎರಡು ದಿನ ಬಿಟ್ಟು ದೇವಾನಂದ ಅಂಗಡಿಗೆ ಬಂದ. ಕೈಯಲ್ಲಿ ಪತ್ರಿಕೆ. ಜಗಳಕ್ಕೇ ಬಂದ ಎಂದುಕೊಂಡ ಸಿದ್ದಲಿಂಗನಿಗೆ ಒಳಗೊಳಗೇ ಹಗುರವೆನಿಸಿತು. ನಾಲ್ಕು ಬೈಗುಳ ತಿಂದರೆ ಪಾಪವಾದರೂ ಇಳಿದೀತು.

ದೇವಾನಂದ ಬೈಯಲಿಲ್ಲ. "ಸರ್, ಮನ್ನಿ ನಿಮ್ ಮ್ಯಾಲ ಭಾಳ ಸಿಟ್ಟಿತ್ರಿ ನನಗ. ಬ್ಯಾಟಿಗೆ ತಾಕಿಲ್ಲ ಅಂತ ಅವ್ವನ ಮುಂದೂ ಹೇಳ್ಕೊಂಡು ಅತ್ತೆ. ಪೇಪರಿನ್ಯಾಗ ಓದಿದಮ್ಯಾಲ, ತಾಕಿರ್ಬೇಕು ಬಿಡು, ನಾನೇ ದುಡುಕಿದೆ ಅನಿಸ್ತು. ಎಲ್ಲಾರಿಗೂ ಮಾಫಿ ಕೇಳಿ ಕ್ಯಾಪ್ಟನ್‌ಗಿರಿ ಬಿಟ್ಟಿನ್ರಿ. ನಿಮಗೂ ಹೇಳಿ ಹೋಗೂಣು ಅಂತ ಬಂದೆ."

ಸಿದ್ದಲಿಂಗ ಅವನ ಕೈಯಿಂದ ಪತ್ರಿಕೆ ಇಸಿದುಕೊಂಡು ಮಡಚಿಟ್ಟ.

"ತಾಕಿರ್ಲಿಲ್ಲಪ್ಪ," ಅಂದ. "ತಪ್ಪು ನಂದು. ಬುರಾನುದ್ದೀನನೂ ಹೇಳಿದ."

ದೇವಾನಂದನಿಗೆ ಸಿಟ್ಟು ಬರಲೆಂದು ಸಿದ್ದಲಿಂಗ ಕಾಯುತ್ತಿದ್ದ. ಸಿಟ್ಟು ಬರಲಿಲ್ಲ.

"ಅಂವ ನಿಮಗ ಯಾವಾಗ ಹೇಳಿದನ್ರಿ? ಪೇಪರಿಗೆ ಕಳಿಸಿದಮ್ಯಾಲೇನು?"

"ಇಲ್ಲಪ್ಪ," ಅಂದ ಸಿದ್ದಲಿಂಗ. "ಬರಿಯೂದಕ್ಕಿಂತ ಮೊದ್ಲ."