ಐದು ಜನ, ಒಂಬತ್ತು ಗುರಿ

ಗೋವಾದ ಮಡ್ಕಯಿಯ ಕಾರ್ಖಾನೆಗಳಿಗೆ ಊಟದ ಡಬ್ಬಿ ಕಳಿಸುವ ನಮ್ಮ ಕಂಪನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮಾಲೀಕ ನಿಖಿಲ ಯಾವುದೋ ಶಿಬಿರಕ್ಕೆ ಹೋಗಿ ಓಕೆಆರ್ ಎಂಬ ಹೊಸ ಮಂತ್ರ ಕಲಿತು ಬಂದ: ಮೂರು ತಿಂಗಳಿಗೆ ಕೆಲವೇ ಗುರಿ, ಪ್ರತಿ ಗುರಿಗೂ ಅಳೆದು ನೋಡಬಹುದಾದ ಫಲಿತಾಂಶ. ಬಂದವನೇ 2011ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಾರ್ಕೆಟಿಂಗ್ ತಂಡ ಮುಟ್ಟಬೇಕಾದ ಗುರಿಗಳನ್ನು ಬೋರ್ಡಿನ ಮೇಲೆ ಬರೆದ. ಒಂಬತ್ತು ಗುರಿ. ತಂಡದಲ್ಲಿ ಇದ್ದದ್ದು ಐದೇ ಜನ.

ಮೊದಲ ಗುರಿ, 'ಗೋವಾದ ಮನಸ್ಸು ಗೆಲ್ಲುವುದು'. ಅದನ್ನು ಅಳೆಯುವ ಫಲಿತಾಂಶ, 'ದಿನಾ ಮೀಟಿಂಗ್ ಮಾಡುವುದು'!

ತಂಡದ ಮುಖ್ಯಸ್ಥೆ ನಾನು. ಸುಮ್ಮನಿರಲಾಗಲಿಲ್ಲ.

"ಸರ್, ಮೀಟಿಂಗ್ ಮಾಡೋದು ಕೆಲಸ ಆತ್ರಿ, ಫಲಿತಾಂಶ ಅಲ್ಲ. ಈಗ ಇಪ್ಪತ್ತು ಕಾರ್ಖಾನಿ ನಮ್ಮ ಡಬ್ಬಿ ತಗೋತಾವ. ಸೆಪ್ಟೆಂಬರ್ ಮುಗಿಯೋದ್ರಾಗ ಮೂವತ್ತೈದು ಆಗಬೇಕು ಅಂತ ಬರೀರಿ, ಅಳತಿ ಮಾಡಬಹುದು. ಎರಡು ಗುರಿ ಸಾಕು. ಉಳಿದ ಏಳು ಅಳಿಸ್ರಿ."

ನಿಖಿಲ ಗಂಭೀರವಾಗಿ ತಲೆಯಾಡಿಸಿದ. "ಖರೇ ಅದ, ಮಂದಾಕಿನಿ. ಗುರಿ ಭಾಳ ಆಗ್ಯಾವ."

ಡಸ್ಟರ್ ಕೈಗೆತ್ತಿಕೊಂಡ. ಅಂತೂ ಬುದ್ಧಿ ಬಂತು ಎಂದುಕೊಂಡೆ. ಅವನು ಮೂಲೆಯಲ್ಲಿದ್ದ ತಾರೀಖನ್ನಷ್ಟೇ ಅಳಿಸಿ, ಆ ಜಾಗದಲ್ಲಿ ಬರೆದ:

'ಗುರಿ ಹತ್ತು: ಗುರಿಗಳನ್ನು ಕಡಿಮೆ ಮಾಡುವುದು. ಫಲಿತಾಂಶ: ಸೆಪ್ಟೆಂಬರ್ ಅಂತ್ಯದೊಳಗೆ ಏಳು ಗುರಿ ಅಳಿಸುವುದು. ಹೊಣೆ: ಮಂದಾಕಿನಿ.'