ತೊಂಬತ್ತು ಗುಂಟೆಯ ತೋಟ

ಕುಣಿಗಲ್ಲಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿಗೆ ಪತ್ರ ಬರಹಗಾರ ವೆಂಕಟರಂಗಯ್ಯನ ಅಂಗಡಿ. ಅಲ್ಲಿಗೆ ಶಾಂತಲಾ ಬಂದದ್ದು ಸಹಿ ಹಾಕಿ ಹೋಗುವುದಕ್ಕೆ, ಜಗಳಕ್ಕಲ್ಲ. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕ್ಲರ್ಕ್ ಆಗಿದ್ದ ಅವಳು ಅರ್ಧ ದಿನ ರಜೆ ಹಾಕಿ ತುಮಕೂರಿನಿಂದ ಬಸ್ಸು ಹಿಡಿದು ಬಂದಿದ್ದಳು. ಅದು 2003ರ ಏಪ್ರಿಲ್. ಅಮೃತೂರಿನ ಹತ್ತಿರದ ತೆಂಗಿನ ತೋಟ ಅವತ್ತು ಮಾರಾಟವಾಗಬೇಕಿತ್ತು. ಅಪ್ಪ ಗಂಗಹನುಮಯ್ಯ ಹೋಗಿ ಎರಡು ವರ್ಷವಾಗಿತ್ತು, ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಪಹಣಿಯಲ್ಲಿ ಈಗ ಇದ್ದವು ಎರಡೇ ಹೆಸರು: ಅವಳದು, ತಮ್ಮ ಮೋಹನ್‌ಕುಮಾರನದು.

ಹೆಸರಿಲ್ಲದವಳು ಹೊರಗಿನ ಜಗಲಿಯಲ್ಲಿ ಕೂತಿದ್ದಳು. ಅಪ್ಪನ ತಂಗಿ ಕದರಮ್ಮ.

ಗುಬ್ಬಿಗೆ ಮದುವೆ ಮಾಡಿ ಕೊಟ್ಟಿದ್ದ ಕದರಮ್ಮ, ಗಂಡ ಬಿಟ್ಟ ಮೇಲೆ ತವರಿಗೆ ಬಂದು, ಆ ತೋಟದ ಒಂದೊಂದು ಸಸಿಗೂ ಕೆರೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತವಳು. ತೋಟದ ಪೂರ್ವದ ತುದಿಯಲ್ಲಿ ಅವಳ ಹೆಂಚಿನ ಮನೆ. ಇಪ್ಪತ್ತೆಂಟು ವರ್ಷ ಅಲ್ಲೇ ಬೇಯಿಸಿ ಉಂಡಿದ್ದಳು. ಅಣ್ಣ ಬದುಕಿದ್ದಾಗ ಕೊಟ್ಟ ಆ ತುಂಡು ನೆಲ ಬಾಯಿಮಾತಿನಲ್ಲಿತ್ತು, ಕಾಗದದಲ್ಲಿರಲಿಲ್ಲ. ಬೆನ್ನು ಮುರಿದು ದುಡಿದ ಹೆಂಗಸಿಗೆ ಕಾಗದ ಬೇಕು ಅಂತ ಯಾವ ಗಂಡಸಿಗೆ ತಾನೇ ನೆನಪಾಗುತ್ತದೆ?

ಅತ್ತೆಯ ತುಂಡನ್ನು ಬಿಟ್ಟು ಉಳಿದದ್ದನ್ನು ಮಾರೋಣ ಎಂದು ಶಾಂತಲಾ ತಿಂಗಳ ಹಿಂದೆಯೇ ಹೇಳಿದ್ದಳು. ಆಗುವುದಿಲ್ಲ ಅಂದಿದ್ದ ಮೋಹನ್. ಕೊಳ್ಳುವ ನಾಗಭೂಷಣ್ ಗುಬ್ಬಿ ಕಡೆಯ ರೈತರ ಮನೆಯವನು, ಈಗ ತುಮಕೂರಿನ ಸುತ್ತ ಲೇಔಟ್ ಮಾಡುವವನು. ಸೈಟು, ರಸ್ತೆ ಎಲ್ಲ ಲೆಕ್ಕ ಹಾಕಿ ನಕ್ಷೆ ಬರೆಸಿಬಿಟ್ಟಿದ್ದಾನೆ, ಇಡೀ ತೋಟವೇ ಅದಕ್ಕೆ ಸರಿಹೋಗುತ್ತದೆ, ಒಂದಡಿಯೂ ಮಿಗುವುದಿಲ್ಲ ಎನ್ನುವುದು ಮೋಹನನ ವಾದ. ಅತ್ತೆಯೇ ಕೊನೆಗೆ ಅವಳ ಕೈ ಹಿಡಿದು, ತಮ್ಮನ ಕೂಡ ಕಿತ್ತಾಡಬೇಡ, ನಾನು ಎಲ್ಲಾದರೂ ಬಿದ್ದಿರುತ್ತೇನೆ ಎಂದಿದ್ದಳು. ಆ ಮಾತಿಗೆ ಸೋತು ಶಾಂತಲಾ ಬಂದಿದ್ದಳು.

ಆದರೂ ಓದದೆ ಸಹಿ ಹಾಕುವುದು ಗಂಗಹನುಮಯ್ಯನ ಮಗಳಿಗೆ ಆಗದ ಕೆಲಸ. ಕ್ರಯಪತ್ರದ ಕರಡನ್ನು ಕೈಗೆತ್ತಿಕೊಂಡಳು. ಆಸ್ತಿಯ ವಿವರ ಬರೆಯುವ ಷೆಡ್ಯೂಲಿನ ಸಾಲಿಗೆ ಬಂದು ಬೆರಳು ನಿಂತಿತು: ಎರಡು ಎಕರೆ ಹತ್ತು ಗುಂಟೆ, ಅಂದರೆ 91,476 ಚದರಡಿ.

ಏನೋ ಕುಟುಕಿತು. ಅಪ್ಪ ಸರ್ವೆ ಇಲಾಖೆಯಲ್ಲಿ ಸರಪಣಿ ಎಳೆಯುವ ಆಳಾಗಿದ್ದ. ಬೇಸಗೆ ರಜೆಯಲ್ಲಿ ಮಗಳನ್ನೂ ಹೊಲದ ಬದುಗಳ ಮೇಲೆ ಕರೆದುಕೊಂಡು ಹೋಗುತ್ತಿದ್ದ. ಬಿಸಿಲಿಗೆ ಕಾದ ಸರಪಣಿ ಕೈಯಲ್ಲಿ ಚುರುಗುಟ್ಟುತ್ತಿತ್ತು, ಎಳೆದಾಗ ಕೊಂಡಿಗಳು ಕಿಣಿಕಿಣಿ ಎನ್ನುತ್ತಿದ್ದವು. ಬೇವಿನ ನೆರಳಲ್ಲಿ ಮುದ್ದೆ ಉಂಡು, ಅಪ್ಪ ಮಣ್ಣಿನ ಮೇಲೆ ಕಡ್ಡಿಯಲ್ಲಿ ಚೌಕ ಗೀಚುತ್ತಿದ್ದ. ಒಂದು ಸರಪಣಿ ಮೂವತ್ಮೂರಡಿ. ಸರಪಣಿ ಉದ್ದ, ಸರಪಣಿ ಅಗಲ, ಅದೇ ಗುಂಟೆ. ಮೂವತ್ಮೂರನ್ನು ಮೂವತ್ಮೂರರಿಂದ ಗುಣಿಸು ಅನ್ನುತ್ತಿದ್ದ. ಸಾವಿರದ ಎಂಬತ್ತೊಂಬತ್ತು ಬರುವ ತನಕ ಬೆಲ್ಲದ ಚೂರು ಕೊಡುತ್ತಿರಲಿಲ್ಲ. ಅಂಥ ನಲವತ್ತು ಚೌಕ ಸೇರಿದರೆ ಒಂದು ಎಕರೆ. ಇಸ್ಕೂಲಿನಲ್ಲಿ ಕಲಿತ ಎಷ್ಟೋ ಮಗ್ಗಿ ಮರೆತುಹೋಗಿತ್ತು, ಆ ಬೆಲ್ಲದ ಮಗ್ಗಿ ಮರೆತಿರಲಿಲ್ಲ.

ಎರಡು ಎಕರೆಗೆ ಎಂಬತ್ತು ಗುಂಟೆ, ಮೇಲೆ ಹತ್ತು. ತೊಂಬತ್ತು. ತೊಂಬತ್ತನ್ನು 1,089ರಿಂದ ಗುಣಿಸಿದರೆ 98,010 ಆಗಬೇಕು. ಪತ್ರದ ಅಂಚಿನಲ್ಲೇ ಪೆನ್ಸಿಲಿನಿಂದ ಭಾಗಿಸಿ ನೋಡಿದಳು. 91,476 ಅಂದರೆ ಎಂಬತ್ತನಾಲ್ಕೇ ಗುಂಟೆ.

ಚದರಡಿ ಲೆಕ್ಕ ಯಾರದು ಎಂದು ಕೇಳಿದಳು. ವೆಂಕಟರಂಗಯ್ಯ ಕನ್ನಡಕ ಹಣೆಗೇರಿಸಿ, ಪಾರ್ಟಿಯವರು ಚೀಟಿಯಲ್ಲಿ ಕೊಟ್ಟದ್ದನ್ನು ಇಳಿಸಿದೆ ಎಂದ. ಎದುರಿನ ಕುರ್ಚಿಯಲ್ಲಿ ಮೋಹನನ ಪಕ್ಕ ಕೂತಿದ್ದ ನಾಗಭೂಷಣ್ ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದ. ಹೊಸದಾಗಿ ಬಂದಿದ್ದ ಕಂಪ್ಯೂಟರ್ ಪಹಣಿಯನ್ನು ಮೇಜಿನ ಮೇಲೆ ಹರಡಿ, ಸಾಗುವಳಿಗೆ ಬಾರದ ಖರಾಬು ಕಳೆದು ಉಳಿದ ವಿಸ್ತೀರ್ಣ ಎಂಬ ಜಾಗವನ್ನು ತೋರಿಸಿದ. 2.10.00 ಎಂದಿತ್ತು. ಎಕರೆಗೆ 43,560 ಅಡಿ, ಅದನ್ನು 2.10ರಿಂದ ಗುಣಿಸಿದ್ದೇನೆ, ಮಿಷನ್ ಸುಳ್ಳು ಹೇಳುತ್ತದೆಯೇ ಎಂದು ನಕ್ಕ.

"ಮಿಷನ್ ಸುಳ್ಳು ಹೇಳಾಕಿಲ್ಲ ಸಾರ್, ನೀವು ಅದಕ್ಕೆ ತಪ್ಪು ಹೇಳ್ಕೊಟ್ಟಿದೀರ" ಎಂದಳು ಶಾಂತಲಾ. "ಇಲ್ಲಿ ಎರಡು ಚುಕ್ಕಿ ಅವೆ ನೋಡಿ. ದಶಮಾಂಶಕ್ಕೆ ಎರಡು ಚುಕ್ಕಿ ಇಡ್ತಾರಾ? ಮೊದಲ್ನೇದು ಎಕರೆ, ಆಮೇಲಿಂದು ಗುಂಟೆ, ಕೊನೇದು ಗುಂಟೇಲಿ ಮಿಕ್ಕ ಆಣೆ. 2.39 ಆದ್ಮೇಲೆ 2.40 ಬರಾಕಿಲ್ಲ, ಮೂರು ಬತ್ತದೆ. ಹತ್ತು ಗುಂಟೆ ಅಂದ್ರೆ ಕಾಲೆಕರೆ. ನಿಮ್ ಮಿಷನ್‌ಗೆ ಎರಡೂ ಕಾಲು ಅಂತ ಒತ್ತಿ."

ನಾಗಭೂಷಣ್ ಒತ್ತಿದ. 98,010 ಬಂತು. ಇನ್ನೊಮ್ಮೆ ಒತ್ತಿದ, ಅದೇ ಬಂತು. ಅವನಿಗೆ ಮೊದಲೇ ಗೊತ್ತಿತ್ತೋ, ನಿಜವಾಗಿ ತಪ್ಪಿದ್ದನೋ, ಮುಖ ನೋಡಿ ಹೇಳುವಂತಿರಲಿಲ್ಲ. ವೆಂಕಟರಂಗಯ್ಯ ಮಾತ್ರ ನಾಲಿಗೆ ಕಚ್ಚಿಕೊಂಡ. ಕೈಬರಹದ ಪಹಣಿಯಲ್ಲಿ ಎಕರೆ, ಗುಂಟೆ ಬೇರೆ ಬೇರೆ ಮನೆಯಲ್ಲಿ ಇರುತ್ತಿದ್ದವು, ಈ ಕಂಪ್ಯೂಟರ್ ಬಂದು ಎಲ್ಲ ಒಂದೇ ಸಾಲಿಗೆ ಬಿದ್ದಿದೆ ಎಂದು ಗೊಣಗಿದ.

ಬೆಲೆ ಕಟ್ಟಿದ್ದು ಚದರಡಿ ಲೆಕ್ಕದಲ್ಲಿ. ಮೋಹನನ ಕಣ್ಣು ಅರಳಿತು. ಹಾಗಾದರೆ ಇನ್ನೂ ಆರು ಗುಂಟೆಗೆ ದುಡ್ಡು ಬರಬೇಕಲ್ಲ ಎಂದ. ಕೊಡೋಣ ಬಿಡಿ, ಅದೇ ರೇಟಿಗೆ ಸೇರಿಸಿ ಬರೆಯಿರಿ ಎಂದು ನಾಗಭೂಷಣ್ ಉದಾರವಾಗಿ ಕೈ ಬೀಸಿದ.

ಆರು ಗುಂಟೆ. ಅತ್ತೆಯ ಮನೆಯ ಸುತ್ತ ಅಪ್ಪ ಸರಪಣಿ ಹಿಡಿದು ಕಲ್ಲು ನೆಟ್ಟ ದಿನ ಇನ್ನೊಂದು ತುದಿ ಹಿಡಿದಿದ್ದವಳು ಶಾಂತಲಾಳೇ. ಉದ್ದ ಮೂರು ಸರಪಣಿ, ಅಗಲ ಎರಡು.

"ಸೇರಿಸ್ಬೇಡಿ ವೆಂಕಟರಂಗಯ್ಯನೋರೆ" ಎಂದಳು. "ಸಾರ್, ನಿಮ್ ನಕ್ಷೆ ಎಷ್ಟು ಅಡಿಗೆ ಬರೆಸಿದ್ದು?"

ನಾಗಭೂಷಣ್ ಸುರುಳಿ ಬಿಚ್ಚಿದ. ಮೂಲೆಯಲ್ಲಿ 91,476 ಎಂದೇ ಇತ್ತು.

"ಹಂಗಾದ್ರೆ ನಿಮ್ಗೆ ಬೇಕಾಗಿರೋದು ಎಂಬತ್ನಾಕು ಗುಂಟೆ. ಎರಡು ಎಕರೆ ನಾಕು ಗುಂಟೆ. ಅಷ್ಟು ತಗಳಿ, ನಿಮ್ ಸೈಟು ಒಂದೂ ಕಮ್ಮಿ ಆಗಾಕಿಲ್ಲ. ಪೂರ್ವದ ಆರು ಗುಂಟೆ ನಮ್ಮತ್ತೇದು."

"ಅಕ್ಕ, ಆಗೋ ಯಾಪಾರ ಯಾಕ್ ಕೆಡುಸ್ತೀಯ?" ಮೋಹನ್ ಹಲ್ಲು ಕಚ್ಚಿದ. "ಆ ಮುದುಕಿಗೆ ತಿಂಗಳಿಗಿಷ್ಟು ಅಂತ ನಾನೇ ಕೊಡ್ತೀನಿ ಬುಡು."

"ನೀನು ಕೊಡೋದು ಬ್ಯಾಡ ಕಣೋ. ಅವ್ಳದ್ನ ಅವ್ಳಿಗೆ ಬುಡು, ಸಾಕು. ಮಿಗಾಕಿಲ್ಲ ಅಂತಿದ್ದೆ, ಈಗ ಮಿಕ್ಕದೆ. ನೀರು ಹೊತ್ತೋಳು ಬೀದೀಲಿ, ಎಳನೀರು ಕುಡ್ದೋರು ಕುರ್ಚೀಲಿ. ಇದ್ಕೆ ನನ್ ಸಹಿ ಇಲ್ಲ."

ಅವಳ ಸಹಿಯಿಲ್ಲದೆ ಕಾಗದ ಮುಂದೆ ಹೋಗುವಂತಿರಲಿಲ್ಲ. ನಾಗಭೂಷಣ್ ನಕ್ಷೆ ನೋಡಿದ, ಹೊರಗೆ ಹೋಗಿ ಬೀಡಿ ಸೇದಿ ಬಂದ. ಪೂರ್ವದ ಕಡೆ ರಸ್ತೆ ಹೇಗೂ ಇರಲಿಲ್ಲ, ತನ್ನ ಸೈಟುಗಳ ಸಾಲನ್ನು ಪಶ್ಚಿಮದ ರಸ್ತೆಯಿಂದ ಹಿಡಿದರೂ ಕೂರುತ್ತದೆ ಎಂದು ಕೊನೆಗೆ ಒಪ್ಪಿದ. ಮೋಹನ್ ಒಂದು ಗಂಟೆ ಮುಖ ತಿರುಗಿಸಿ ಕೂತ. ಆಮೇಲೆ, ಅಪ್ಪ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದನೇನೋ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ.

ವೆಂಕಟರಂಗಯ್ಯ ಹೊಸ ಹಾಳೆ ತೆಗೆದ. ಮೊದಲು ಅಕ್ಕ ತಮ್ಮ ಸೇರಿ ಅತ್ತೆಗೆ ಆರು ಗುಂಟೆಯ ದಾನಪತ್ರ, ಆಮೇಲೆ ಉಳಿದದ್ದಕ್ಕೆ ಕ್ರಯಪತ್ರ. ಅಳತೆ ಮಾಡಿಸಿ ನಕ್ಷೆ ತರದೆ ಎರಡೂ ನೋಂದಣಿ ಆಗುವುದಿಲ್ಲ, ಇನ್ನೆರಡು ಸಲ ಬಸ್‌ಚಾರ್ಜು ಬೀಳುತ್ತದೆ ಎಂದು ಎಚ್ಚರಿಸಿದ. ಬೀಳಲಿ ಎಂದಳು ಶಾಂತಲಾ.

ಕದರಮ್ಮನನ್ನು ಒಳಗೆ ಕರೆದು ಕೂರಿಸಿದರು. ವೆಂಕಟರಂಗಯ್ಯ ಕ್ರಯಪತ್ರದ ಚೆಕ್ಕುಬಂದಿ ಓದಿದ: ಪೂರ್ವಕ್ಕೆ ಕದರಮ್ಮನವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ರಸ್ತೆ...

"ತಡಿಯಪ್ಪ" ಎಂದಳು ಅವಳು. "ನನ್ನ ಹೆಸ್ರು ಯಾವ ದಿಕ್ಕಿಗೆ ಬರ್ದೆ?"

"ಪೂರ್ವಕ್ಕೆ ಕಣವ್ವ."

ಕದರಮ್ಮ ತಲೆಯಾಡಿಸಿದಳು. "ಸರಿಯಾಗದೆ. ಒಲೆ ಇರೋದು ಅಲ್ಲೇಯ."